ನಿಮಗಿದು ಗೊತ್ತೇ? ಕಾರು ಗುರುತು ಹಿಡಿಯುವುದು ಕೀಲಿಕೈಯನ್ನು, ನಿಮ್ಮನ್ನಲ್ಲ!

ರೋಣದಲ್ಲಿ ಒಂದು ಮನೆ, ಮನೆಗೆ ಒಂದೇ ಕಾರು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಐದಡಿಯ ಸೊಸೆ ಅದನ್ನು ಗಜೇಂದ್ರಗಡದ ಶಾಲೆಗೆ ಒಯ್ಯುತ್ತಾಳೆ. ಸಂಜೆ ಆರಡಿಯ ಮಾವ ಅದರಲ್ಲೇ ನರಗುಂದದ ಹೊಲಕ್ಕೆ ಹೋಗುತ್ತಾರೆ. ಮಾವ ಬಾಗಿಲು ತೆಗೆದು ಕೂತರೆ ಮೊಣಕಾಲು ಸ್ಟೀರಿಂಗಿಗೆ ಬಡಿಯುತ್ತದೆ. ಮರುದಿನ ಸೊಸೆಗೆ ಬ್ರೇಕೇ ಎಟುಕುವುದಿಲ್ಲ. ಕೆಲವು ಕಾರುಗಳು ಈ ತಂಟೆಯನ್ನು ತಾವೇ ಬಿಡಿಸುತ್ತವೆ. ಹೇಗೆ ಅಂತೀರಾ?

ಈ ಉಪಾಯ ಹೊಸದಲ್ಲ, ಗೊತ್ತೇ? ಚಾಲಕರ ಸೀಟಿನ ಜಾಗ ನೆನಪಿಟ್ಟುಕೊಳ್ಳುವ ಕಾರುಗಳು ಅಮೆರಿಕದಲ್ಲಿ 1957ರಲ್ಲೇ ಬಂದಿದ್ದವು. ಮರ್ಕ್ಯುರಿ ಕಂಪನಿ ತನ್ನ ಸಾಧನಕ್ಕೆ ‘ಸೀಟ್-ಒ-ಮ್ಯಾಟಿಕ್’ ಎಂದು ಹೆಸರಿಟ್ಟಿತ್ತು. ಅದೇ ವರ್ಷದ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್‌ನಲ್ಲೂ ಇಂಥದೊಂದು ಸೀಟು ಇತ್ತು. ಕೀಲಿಕೈ ನೋಡಿ ಸೀಟು ಸರಿಸುವ ಜಾಣತನ ಬಂದದ್ದು ಮಾತ್ರ ಬಹಳ ತಡವಾಗಿ.

ಸೀಟಿಗೆ ನೆನಪಿರುವುದು ನಿಮ್ಮ ಎತ್ತರವಲ್ಲ, ತೂಕವೂ ಅಲ್ಲ. ಸೀಟಿನ ಕೆಳಗೆ ಹಿಂದೆ-ಮುಂದೆ ಸರಿಸಲು ಒಂದು ಮೋಟಾರು, ಎತ್ತರಕ್ಕೆ ಒಂದು, ಬೆನ್ನಿಗೆ ಒಂದು ಇರುತ್ತವೆ. ಪ್ರತಿ ಮೋಟಾರಿನಲ್ಲೂ ಅದು ಎಷ್ಟು ಸುತ್ತಿತು ಎಂದು ಎಣಿಸುವ ಪುಟ್ಟ ಸೆನ್ಸರ್ ಇದೆ. ನೀವು ಗುಂಡಿ ಒತ್ತಿ ದಾಖಲಿಸಿದಾಗ ಕಾರು ಬರೆದಿಟ್ಟುಕೊಳ್ಳುವುದು ಆ ಎಣಿಕೆಯನ್ನು ಅಷ್ಟೇ. ಮತ್ತೆ ಕರೆದಾಗ ಅದೇ ಎಣಿಕೆ ಬರುವವರೆಗೆ ಮೋಟಾರು ತಿರುಗಿಸುತ್ತದೆ. ಹಾಗಾಗಿ ಒಂದು ಕಿವಿಮಾತು: ಸೀಟು ಕೊನೆ ಮುಟ್ಟಿ ನಿಂತ ಮೇಲೂ ಅದೇ ದಿಕ್ಕಿಗೆ ಸ್ವಿಚ್ ಒತ್ತುತ್ತಲೇ ಇದ್ದರೆ, ಆಮೇಲೆ ಸೀಟು ಬಂದು ನಿಲ್ಲುವ ಜಾಗ ತುಸು ಆಚೀಚೆ ಆಗಬಹುದು. ಆರಡಿಯವರು ಸೀಟನ್ನು ಪೂರ್ತಿ ಹಿಂದೆ ತಳ್ಳಿ, ಇನ್ನೂ ತಳ್ಳುತ್ತಲೇ ಇರುತ್ತಾರಲ್ಲ, ಅವರಿಗೇ ಈ ಮಾತು.

ಹಾಗಾದರೆ ಬಂದವರು ಮಾವನೋ ಸೊಸೆಯೋ ಎಂದು ಕಾರಿಗೆ ತಿಳಿಯುವುದು ಹೇಗೆ? ತಿಳಿಯುವುದೇ ಇಲ್ಲ! ಜೇಬಿನಲ್ಲಿ ಇಟ್ಟುಕೊಂಡರೆ ಸಾಕು ಎನ್ನುವ ಸ್ಮಾರ್ಟ್ ಕೀ ಇದೆಯಲ್ಲ, ಬಾಗಿಲ ಹಿಡಿಕೆಗೆ ಕೈ ಹಾಕಿದಾಗ ಕಾರು ಅದರತ್ತ ಕಡಿಮೆ ಕಂಪನಾಂಕದ ಒಂದು ರೇಡಿಯೊ ಕರೆ ಕಳಿಸುತ್ತದೆ. ಸಾಮಾನ್ಯವಾಗಿ ಅದು ಸುಮಾರು 125 ಕಿಲೋಹರ್ಟ್ಜ್‌ನದು, ಬಾಗಿಲಿನ ಸುತ್ತ ಒಂದು ಮಾರಿನಷ್ಟು ದೂರಕ್ಕೆ ಮಾತ್ರ ಕೇಳುತ್ತದೆ. ಕರೆ ಕೇಳಿದ ಕೀಲಿಕೈ ತನ್ನ ಗುರುತಿನ ಸಂಖ್ಯೆಯನ್ನು ಗೂಢಲಿಪಿಯ ಉತ್ತರದಲ್ಲಿ ಹೇಳುತ್ತದೆ. ಮೊದಲನೆಯ ಕೀಲಿಕೈ ಎಂದರೆ ಮೊದಲನೆಯ ದಾಖಲೆ, ಎರಡನೆಯದು ಎಂದರೆ ಎರಡನೆಯದು. ಕಾರಿನ ಲೆಕ್ಕ ಇಷ್ಟೇ. ಮನೆಯ ಮೊಳೆಗೆ ಎರಡನ್ನೂ ಒಟ್ಟಿಗೆ ನೇತು ಹಾಕಿ, ಗಡಿಬಿಡಿಯಲ್ಲಿ ಸೊಸೆ ಮಾವನ ಕೀಲಿಕೈ ಒಯ್ದರೆ ಸೀಟು ಸರಾಗವಾಗಿ ಹಿಂದಕ್ಕೆ ಹೋಗುತ್ತದೆ. “ಇದ್ಯಾಕ ಹಿಂಗ ಮಾಡ್ತೈತಿ, ಕೆಟ್ಟೈತೇನ್ರೀ ಮಾವಾ?” ಎಂದು ಆಕೆ ಕೇಳಿದರೆ, ಕಾರು ಕೆಟ್ಟಿಲ್ಲ, ಕೀಲಿಕೈ ಬದಲಾಗಿದೆ. ಎರಡಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ.

ಕೀಲಿಕೈಗೆ ಸೀಟು ಕಟ್ಟುವ ಕ್ರಮ ಗೊತ್ತೇ? ಕಂಪನಿಗೊಂದು ರೀತಿ ಇದೆ. ಈ ಸೌಲಭ್ಯವಿರುವ ಟೊಯೋಟಾ ಕಾರುಗಳಲ್ಲಿ ಹೀಗೆ: ಗಾಡಿ ನಿಂತಿರಲಿ, ಗೇರ್ P ಯಲ್ಲಿರಲಿ, ಪವರ್ ಆನ್ ಇರಲಿ. ಸೊಸೆ ತನಗೆ ಹೊಂದುವಂತೆ ಸೀಟು, ಕನ್ನಡಿ, ಸ್ಟೀರಿಂಗ್ ಸರಿಪಡಿಸಿಕೊಳ್ಳಬೇಕು. SET ಗುಂಡಿ ಒತ್ತಿ, ಮೂರು ಸೆಕೆಂಡಿನೊಳಗೆ 1ನ್ನು ಬೀಪ್ ಸದ್ದು ಬರುವವರೆಗೆ ಒತ್ತಿದರೆ ದಾಖಲೆ ಆಯಿತು. ಈಗ ತನ್ನ ಕೀಲಿಕೈ ಒಂದನ್ನೇ ಇಟ್ಟುಕೊಂಡು, ಚಾಲಕರ ಬಾಗಿಲು ಹಾಕಿ, 1ನ್ನು ಒತ್ತಿ ಹಿಡಿದೇ ಬಾಗಿಲಿನ ಲಾಕ್ ಸ್ವಿಚ್ಚನ್ನೂ ಬೀಪ್ ಬರುವವರೆಗೆ ಒತ್ತಬೇಕು. ಆ ಕೀಲಿಕೈ ಇನ್ನು ಆಕೆಯದು. ಮಾವನಿಗೆ ಇದೇ ಕೆಲಸವನ್ನು 2ರಲ್ಲಿ ಮಾಡಿ. ಬೀಪ್ ಮೂರು ಸೆಕೆಂಡು ಎಡೆಬಿಡದೆ ಕೂಗಿದರೆ ಕೆಲಸ ಕೈಗೂಡಿಲ್ಲ ಎಂದರ್ಥ. ಹಾಗಾದರೆ ಮೊದಲು ಇನ್ನೊಂದು ಕೀಲಿಕೈ ಬ್ಯಾಗಿನಲ್ಲಿ ಉಳಿದಿದೆಯೇ ನೋಡಿ. ಎರಡೂ ಒಳಗಿದ್ದರೆ ಜೋಡಣೆ ಸರಿಯಾಗಿ ಆಗುವುದಿಲ್ಲ. ಗಂಡ-ಹೆಂಡತಿ ತಂತಮ್ಮ ಕೀಲಿಕೈ ಹಿಡಿದು ಒಟ್ಟಿಗೆ ಬಂದಾಗ ತಪ್ಪು ಸೀಟು ಬರುವುದಕ್ಕೂ ಇದೇ ಕಾರಣ.

ಆದರೆ ‘ಮೆಮೊರಿ ಸೀಟ್’ ಎಂದು ಬರೆದಿದ್ದರೆಲ್ಲ ಇದು ಇರುತ್ತದೆಂದು ತಿಳಿಯಬೇಡಿ. ಮಹೀಂದ್ರಾ ಎಕ್ಸ್‌ಯುವಿ700, ಟಾಟಾ ಹ್ಯಾರಿಯರ್ ಮತ್ತು ಸಫಾರಿ, ಟೊಯೋಟಾ ಇನ್ನೋವಾ ಹೈಕ್ರಾಸ್‌ಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಚಾಲಕರ ಸೀಟಿಗೆ ನೆನಪಿದೆ. ಅದು ಗುಂಡಿಯಿಂದ ಮಾತ್ರವೋ ಕೀಲಿಕೈಯಿಂದಲೂ ಓಡುತ್ತದೋ, ಕನ್ನಡಿಯೂ ಜೊತೆಗೆ ಬರುತ್ತದೋ ಎಂಬುದು ಮಾದರಿಗೆ ತಕ್ಕಂತೆ ಬದಲಾಗುತ್ತದೆ. ಕೊಳ್ಳುವ ಮುನ್ನ ಶೋರೂಮಿನಲ್ಲಿ ಎರಡೂ ಕೀಲಿಕೈ ಕೇಳಿ, ಒಂದೊಂದನ್ನೇ ಹಿಡಿದು ಬಾಗಿಲು ತೆಗೆದು ನೋಡಿ. ಮಾತಿಗಿಂತ ಅದೇ ಸಾಕ್ಷಿ.

ಸ್ಟೀರಿಂಗೇ ಇಲ್ಲಿ ಹಿಂದೆ ಬೀಳುವುದು. ಸ್ಟೀರಿಂಗ್ ತಾನಾಗಿ ಏರಿಳಿಯಬೇಕೆಂದರೆ ಅದರ ಕಂಬಕ್ಕೂ ಮೋಟಾರು ಬೇಕು, ಅದು ಹೆಚ್ಚಾಗಿ ದುಬಾರಿ ಕಾರುಗಳಲ್ಲೇ ಇರುವುದು. ಉಳಿದವುಗಳಲ್ಲಿ ಕೆಳಗಿರುವ ಕಡ್ಡಿ ಎಳೆದು ಕೈಯಿಂದಲೇ ಸರಿಸಬೇಕು. ಸೊಸೆಯ ಕೀಲಿಕೈಗೆ ಸೀಟು ಮುಂದೆ ಬಂತು, ಸ್ಟೀರಿಂಗ್ ಮಾವನ ಎತ್ತರದಲ್ಲೇ ಉಳಿಯಿತು ಎಂದಾಗ ಗಾಳಿಚೀಲದ ಮುಖ ಆಕೆಯ ಎದೆಯ ಬದಲು ಮುಖದ ಕಡೆಗೆ ಇರಬಹುದು. ಮೊದಲು ಬ್ರೇಕನ್ನು ಪೂರ್ತಿ ತುಳಿದು, ಮೊಣಕಾಲು ತುಸು ಮಡಿಚಿರುವಂತೆ ಸೀಟು ಇಡಿ. ಆಮೇಲೆ ಸ್ಟೀರಿಂಗನ್ನು ಎದೆಯ ಕಡೆಗೆ ಇಳಿಸಿ, ಎದೆಗೂ ಅದರ ನಡುಭಾಗಕ್ಕೂ 25 ಸೆಂಟಿಮೀಟರ್ ಅಂತರವಿದೆಯೇ ನೋಡಿ. ಕನ್ನಡಿ ಎಲ್ಲಕ್ಕಿಂತ ಕೊನೆಗೆ. ದಾಖಲಿಸುವುದು ಇದೆಲ್ಲ ಆದ ಮೇಲೆ.

ಕನ್ನಡಿಗೂ ಒಂದು ಮಿತಿ ಇದೆ. ಕಾರಿಗೆ ನೆನಪಿರುವುದು ಗಾಜಿನ ಓರೆ ಮಾತ್ರ, ಹೊರಗಿನ ಕವಚದ್ದಲ್ಲ. ರೋಣದ ಸಂತೆಯಲ್ಲಿ ಚಕ್ಕಡಿ ತಗುಲಿ ಕವಚ ಅರ್ಧ ಮಡಿಚಿ ನಿಂತಿದ್ದರೆ, ಗಾಜು ತನ್ನ ಎಣಿಕೆಗೆ ಸರಿಯಾಗಿಯೇ ಬಂದರೂ ನಿಮಗೆ ಕಾಣುವುದು ಬೇಲಿ. ಮೋಟಾರಿನಿಂದ ಮಡಿಚುವ ಕನ್ನಡಿಯಾದರೆ ಸ್ವಿಚ್ಚಿನಿಂದ ಪೂರ್ತಿ ಮಡಿಚಿ ಪೂರ್ತಿ ತೆರೆಯಿರಿ. ಬಹಳ ಸಲ ಅಷ್ಟಕ್ಕೇ ‘ಟಕ್’ ಎಂದು ಕೂಡುತ್ತದೆ.

ಸೀಟು ಸರಿಯುವಾಗ ಹಿಂದೆ ಯಾರಿದ್ದಾರೆ? ಮಾವನ ಕೀಲಿಕೈಗೆ ಸೀಟು ಹಿಂದೆ ಸರಿಯುವಾಗ ಅಲ್ಲಿ ಮೊಮ್ಮಗನ ಕಾಲಿರಬಹುದು, ಉಳ್ಳಾಗಡ್ಡಿ ಚೀಲವೂ ಇರಬಹುದು. ಸೀಟಿನ ಯಾವುದಾದರೂ ಸ್ವಿಚ್ ಮುಟ್ಟಿದರೆ ಸಾಮಾನ್ಯವಾಗಿ ಚಲನೆ ಅಲ್ಲೇ ನಿಲ್ಲುತ್ತದೆ. ಮಕ್ಕಳಿಗೆ ಇದನ್ನು ಹೇಳಿಕೊಡುವುದಕ್ಕಿಂತ, ಅವರನ್ನು ಆಮೇಲೆ ಹತ್ತಿಸುವುದು ವಾಸಿ.

ಬ್ಯಾಟರಿ ಬದಲಿಸಿದ ಮೇಲೆ ಸೀಟು ಮರೆತಿದೆಯೇ? ಕೆಲವು ಕಾರುಗಳಲ್ಲಿ ಎಣಿಕೆ ಅಳಿಸಿಹೋಗುತ್ತದೆ. ಗುಂಡಿ ಒತ್ತಿದರೆ ಸೀಟು ಅಲುಗದೆ ಇರುವುದು, ಇಲ್ಲವೇ ನಡುವೆಯೇ ನಿಲ್ಲುವುದು ಇದರ ಗುರುತು. ಸೀಟನ್ನು ಎರಡೂ ಕೊನೆಗೆ ಒಮ್ಮೆ ಒಯ್ದು ತಂದು, ಹೊಸದಾಗಿ ದಾಖಲಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಹುಬ್ಬಳ್ಳಿಯ ಸರ್ವಿಸ್ ಸೆಂಟರಿನ ದಾರಿ ಹಿಡಿಯಿರಿ.

ಹಳೆಯ ಕಾರು ಕೊಳ್ಳುವವರಿಗೆ ಕೊನೆಯದೊಂದು. ಹಿಂದಿನ ಮಾಲೀಕರ ಜೋಡಣೆ ಕೀಲಿಕೈಯೊಂದಿಗೇ ನಿಮ್ಮ ಮನೆಗೆ ಬರುತ್ತದೆ. ಮೇಲೆ ಹೇಳಿದ ಟೊಯೋಟಾಗಳಲ್ಲಿ ಆ ಒಂದು ಕೀಲಿಕೈ ಇಟ್ಟುಕೊಂಡು, ಬಾಗಿಲು ಹಾಕಿ, SET ಹಿಡಿದೇ ಲಾಕ್ ಸ್ವಿಚ್ ಒತ್ತಿದರೆ ಎರಡು ಬೀಪ್‌ನೊಂದಿಗೆ ಅದು ಬಿಚ್ಚಿಹೋಗುತ್ತದೆ. ಎರಡೂ ಕೀಲಿಕೈ ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ.