*ಬೈಕ್ ಜಾಕೆಟ್ ಕೊಳ್ಳುವಾಗ: ಪ್ಯಾಡ್ ಮೊಣಕೈ ಮೇಲೇ ನಿಲ್ಲುತ್ತದೆಯೇ?*

ದಿಲ್‌ಸುಖ್‌ನಗರದಲ್ಲಿ ಓದಲಿಕ್ಕೆ, ಕೆಲಸಕ್ಕೆ ಅಂತ ಇರುವ ನಮ್ಮ ಹುಡುಗರಲ್ಲಿ ಹಬ್ಬ ಬಂದರೆ ಬೈಕಿನಲ್ಲೇ ಜಹೀರಾಬಾದ್ ಮೇಲೆ ಬೀದರ್‌ಗೆ ಹೊರಡುವವರಿದ್ದಾರೆ. ಹೆಲ್ಮೆಟ್ ಜೊತೆ ರೈಡಿಂಗ್ ಜಾಕೆಟ್ ಕೂಡ ಕೊಳ್ಳುತ್ತಾರೆ. ಆದರೆ ಅಂಗಡಿಯಲ್ಲಿ "ಸ್ವಲ್ಪ ದೊಡ್ಡದೇ ಇರಲಿ, ಗಾಳಿ ಆಡುತ್ತದೆ" ಅಂತ ಒಂದು ಸೈಜ್ ಮೇಲಿನದು ತಂದರೆ, ಕಾಸು ಕೊಟ್ಟದ್ದು ಬರೀ ಬಟ್ಟೆಗಾಗುತ್ತದೆ.

ಕಾರಣ ಕೇಳಿ. ಮೊಣಕೈ ಮೂಳೆಯ ಮೇಲೆ ಮಾಂಸವಿಲ್ಲ, ಚರ್ಮದ ಕೆಳಗೇ ಮೂಳೆ. ಬಿದ್ದು ಜಾರುವಾಗ ರಸ್ತೆ ತೋಳಿನ ಬಟ್ಟೆಯನ್ನು ಹಿಡಿದು ಎಳೆಯುತ್ತದೆ. ತೋಳು ಸಡಿಲವಿದ್ದರೆ ಅದು ಕೈ ಸುತ್ತ ತಿರುಗಿ, ಒಳಗಿನ ಆರ್ಮರ್ ಪ್ಯಾಡ್ ಪಕ್ಕಕ್ಕೆ ಸರಿಯುತ್ತದೆ. ಪೆಟ್ಟು ಬೀಳುವ ಜಾಗದಲ್ಲಿ ಪ್ಯಾಡ್ ಇರುವುದೇ ಇಲ್ಲ.

ಕನ್ನಡಿ ಮುಂದೆ ನೆಟ್ಟಗೆ ನಿಂತು ನೋಡಿದರೆ ಇದು ತಿಳಿಯುವುದಿಲ್ಲ. ತೆಳು ಟೀ ಶರ್ಟ್ ಮೇಲೆ ಜಾಕೆಟ್ ತೊಟ್ಟು, ಜಿಪ್ ಪೂರ್ತಿ ಹಾಕಿ, ಹೊರಗೆ ನಿಲ್ಲಿಸಿದ ಬೈಕ್ ಮೇಲೆ ಕೂತು ಹ್ಯಾಂಡಲ್ ಹಿಡಿಯಲಿ. ಕೈ ಮುಂದೆ ಚಾಚಿದಾಗ ತೋಳಿನ ಬಟ್ಟೆ ಮೇಲಕ್ಕೆ ಸರಿಯುತ್ತದೆ, ಜೊತೆಗೆ ಪ್ಯಾಡೂ ಸರಿಯುತ್ತದೆ. ಹಾಗೆ ಕೂತಾಗಲೂ ಮೊಣಕೈ ಮೂಳೆಯ ತುದಿ ಪ್ಯಾಡಿನ ಗುಳಿಯ ನಡುವೆ ಇರಬೇಕು, ಪ್ಯಾಡಿನ ಉದ್ದ ಭಾಗ ಮುಂಗೈ ಕಡೆ ಇಳಿದಿರಬೇಕು. ಭುಜದ ಪ್ಯಾಡ್ ಭುಜದ ಹೊರತುದಿಯ ಮೂಳೆಯನ್ನು ಟೋಪಿಯಂತೆ ಮುಚ್ಚಬೇಕು. ತೋಳಿನ ಕಡೆಗೆ ಜೋತುಬಿದ್ದರೆ ಜಾಕೆಟ್ ದೊಡ್ಡದು. ಈಗ ನೀವು ಮೊಣಕೈ ಪ್ಯಾಡನ್ನು ಹೊರಗಿನಿಂದ ಹಿಡಿದು ತಿರುಗಿಸಿ ನೋಡಿ. ಮೂಳೆ ಬಿಟ್ಟು ಸುಲಭವಾಗಿ ಸರಿದರೆ ತೋಳಿನ ವೆಲ್ಕ್ರೋ ಅಥವಾ ಬಟನ್ ಪಟ್ಟಿ ಬಿಗಿ ಮಾಡಿ. ಆಗಲೂ ಸರಿದರೆ ಚಿಕ್ಕ ಸೈಜ್ ಕೇಳಿ.

ಒಂದು ಉದಾಹರಣೆ. ಹುಡುಗನ ಎದೆ ಸುತ್ತಳತೆ 96 ಸೆಂ.ಮೀ. ಅಂಗಡಿಯಲ್ಲಿ ಒಳಗಿನ ಚಳಿಯ ಲೈನರ್ ಸಮೇತ ತೊಟ್ಟು ನೋಡಿದಾಗ ಮೀಡಿಯಂ ಬಿಗಿ ಅನಿಸಿತು, ಲಾರ್ಜ್ ತಂದ. ಏಪ್ರಿಲ್ ಬಿಸಿಲಿಗೆ ಲೈನರ್ ಬಿಚ್ಚಿದ. ಅಲ್ಲಿಗೆ ತೋಳು ಸಡಿಲವಾಯಿತು, ಪ್ಯಾಡ್ ಮೊಣಕೈ ಬಿಟ್ಟು ಎರಡು ಬೆರಳು ಮೇಲೆ ಹೋಯಿತು. ಹೈದರಾಬಾದಿನ ಬಿಸಿಲಿನಲ್ಲಿ ವರ್ಷದ ಹೆಚ್ಚು ದಿನ ಲೈನರ್ ಇಲ್ಲದೆಯೇ ತೊಡುವುದು, ಆದ್ದರಿಂದ ಅದನ್ನು ಬಿಚ್ಚಿಯೇ ಅಳತೆ ನೋಡಿ. ಗಾಳಿ ಬೇಕಾದರೆ ಮೆಶ್ ಬಟ್ಟೆಯದು ಕೇಳಿ, ದೊಡ್ಡ ಸೈಜ್ ಬೇಡ.

ಪ್ಯಾಡನ್ನು ಹೊರತೆಗೆದು ನೋಡಲು ಸಂಕೋಚ ಬೇಡ. ಅದರ ಮೇಲೆ ಇಎನ್ 1621-1 ಎಂಬ ಗುರುತು, ಭುಜದ್ದಾದರೆ ಎಸ್, ಮೊಣಕೈಯದ್ದಾದರೆ ಇ ಅಕ್ಷರ, ಜೊತೆಗೆ ಲೆವೆಲ್ 1 ಅಥವಾ 2 ಅಂತ ಇರುತ್ತದೆ. ಲೆವೆಲ್ 2 ಪೆಟ್ಟನ್ನು ಹೆಚ್ಚು ತಡೆಯುತ್ತದೆ. ಗುರುತೇ ಇಲ್ಲದ ಸ್ಪಂಜಿನ ತುಂಡನ್ನು ನಂಬಬೇಡಿ. ಜಾಕೆಟ್ ಒಗೆದ ಮೇಲೆ ಪ್ಯಾಡನ್ನು ತಲೆಕೆಳಗಾಗಿ ಸೇರಿಸುವವರೂ ಇದ್ದಾರೆ, ಅದನ್ನೂ ನೋಡಿ.

ಇಷ್ಟಾದರೂ ಭುಜದ ಪ್ಯಾಡ್ ಕೊರಳೆಲುಬನ್ನು ಕಾಯುವುದಿಲ್ಲ. ಬಿದ್ದ ಮೇಲೆ ಕೈ ಎತ್ತಲು ಆಗದಿದ್ದರೆ, ಗಾಯ ಕಾಣದಿದ್ದರೂ ಎಕ್ಸ್‌ರೇ ತೆಗೆಸಿ.