ಅಳಿಲು, ಆಮೆ ಮತ್ತು ಒಂದು ಹ್ಯಾಷ್‌ಟ್ಯಾಗ್

2011ರ ಚುನಾವಣೆಯಲ್ಲಿ ಅಣ್ಣಾ ಡಿಎಂಕೆ ಗೆದ್ದಾಗ, ಅದರಲ್ಲಿ ತನ್ನದೂ ಅಳಿಲು ಸೇವೆಯಿದೆ ಎಂದು ತಮಿಳು ನಟ ವಿಜಯ್ ಹೇಳಿದ್ದರು. ಅಜಿತ್ ಅಭಿಮಾನಿಗಳಿಗೆ ಅಷ್ಟು ಸಾಕಾಯಿತು. ಅಂದಿನಿಂದ ವಿಜಯ್ ಬಳಗಕ್ಕೆ ‘ಅಣಿಲ್’ ಎಂಬ ಹೆಸರು ಅಂಟಿಕೊಂಡಿತು. ವಿಜಯ್ ಬಳಗವೂ ಸುಮ್ಮನಿರಲಿಲ್ಲ, ಅಜಿತ್ ಕಡೆಯವರನ್ನು ‘ಆಮೈ’, ಅಂದರೆ ಆಮೆ, ಎಂದು ಕರೆಯಿತು.

ಇದು ಕೀಟಲೆ. ಮುಂದೆ ‘ವಲಿಮೈ’ ಚಿತ್ರದ ಸುದ್ದಿಯೇ ಬಾರದೆ ಅಜಿತ್ ಅಭಿಮಾನಿಗಳು ಚಡಪಡಿಸಿದರು. 2021ರ ಫೆಬ್ರವರಿಯಲ್ಲಿ ಚೆನ್ನೈ ಟೆಸ್ಟ್ ಆಡಲು ಬಂದಿದ್ದ ಇಂಗ್ಲೆಂಡಿನ ಮೊಯೀನ್ ಅಲಿಯನ್ನೂ ‘ವಲಿಮೈ ಅಪ್‌ಡೇಟ್’ ಕೇಳಿಬಿಟ್ಟರು! ಎದುರಾಳಿಗಳು ನಕ್ಕರು, ಕೇಳಿದವರೂ ನಕ್ಕರು. ಇಂಥ ಮೀಮ್ ಕೈಯಿಂದ ಕೈಗೆ ಹೋಗುವಾಗ ರೂಪ ಬದಲಿಸುತ್ತದೆ. ಒಬ್ಬ ವಡಿವೇಲು ಚಿತ್ರ ಹಾಕಿದರೆ ಇನ್ನೊಬ್ಬ ಅದಕ್ಕೆ ಬೇರೆ ಮಾತು ಸೇರಿಸುತ್ತಾನೆ. ಬೈಸಿಕೊಂಡವನೂ ಅದನ್ನೇ ತಿರುಗಿಸಿ ಹೊಡೆಯಬಹುದು.

2019ರ ಜುಲೈ ಕೊನೆಯಲ್ಲಿ ನಡೆದದ್ದು ಬೇರೆಯೇ. ಬದುಕಿರುವ ವಿಜಯ್‌ಗೆ ಶ್ರದ್ಧಾಂಜಲಿ ಕೋರುವ #RIPactorVIJAY ಟ್ವಿಟರ್‌ನಲ್ಲಿ ದೇಶಮಟ್ಟದಲ್ಲಿ ಟ್ರೆಂಡ್ ಆಯಿತು. ಕ್ರಿಕೆಟಿಗ ಆರ್. ಅಶ್ವಿನ್ ಅವರೇ ಬೇಸರ ತೋಡಿಕೊಂಡರು. ಟ್ರೆಂಡ್ ಆಗಲು ಕಡಿಮೆ ಸಮಯದಲ್ಲಿ ಒಂದೇ ಟ್ಯಾಗ್ ಸಾವಿರಾರು ಸಲ ಬೀಳಬೇಕು. ಅಲ್ಲಿ ಹಾಸ್ಯಬುದ್ಧಿಗೆ ಕೆಲಸವಿಲ್ಲ, ತಲೆಯೆಣಿಕೆಯಷ್ಟೇ ಮುಖ್ಯ. ಕೀಟಲೆ ಬದಲಾಗುತ್ತ ಹರಡಿದರೆ, ದ್ವೇಷ ಒಂದಕ್ಷರ ಬದಲಾಗದೆ ಹರಡುತ್ತದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ನಂಬಬಹುದಾದ ಗುರುತು.

ಇನ್ನೊಂದು ಗುರುತು, ಮಾತು ಯಾರಿಗೆ ತಗಲುತ್ತದೆ ಎಂಬುದು. ಸಿನಿಮಾ, ಕುಣಿತ, ಕಲೆಕ್ಷನ್ ಇವೆಲ್ಲ ಲೇವಡಿಗೆ ಸಿಗುವಂಥವೇ. ಸಾವು, ಜಾತಿ, ಮನೆಯ ಹೆಣ್ಣುಮಕ್ಕಳು ಬಂದರೆ ಎದುರಿನವನಿಗೆ ತಮಾಷೆಯಾಗಿ ಉತ್ತರಿಸುವ ದಾರಿಯೇ ಉಳಿಯುವುದಿಲ್ಲ. ನಟನನ್ನು ಬಿಟ್ಟು ಒಬ್ಬ ಸಾಮಾನ್ಯ ಅಭಿಮಾನಿಯ ಫೋಟೋ, ಊರು, ಫೋನ್ ನಂಬರ್ ಹೊರಬಿದ್ದರಂತೂ ಅದು ಮೀಮ್ ಅಲ್ಲ, ಬೆದರಿಕೆ.

ಈ ಜಗಳ ಪರದೆಯಿಂದಾಚೆ ಎಲ್ಲಿಗೆ ಮುಟ್ಟಬಲ್ಲದೆಂದು ಕೋಲಾರದವರಿಗೆ ಗೊತ್ತು. 2016ರ ಆಗಸ್ಟ್‌ನಲ್ಲಿ ಅಲ್ಲಿ ಅಂಗದಾನದ ಕಾರ್ಯಕ್ರಮಕ್ಕೆ ಬಂದಿದ್ದ ತಿರುಪತಿಯ ಯುವಕ, ಪವನ್ ಕಲ್ಯಾಣ್ ಅಭಿಮಾನಿ, ನಟರ ವಿಷಯಕ್ಕೆ ಜೂನಿಯರ್ ಎನ್‌ಟಿಆರ್ ಅಭಿಮಾನಿಗಳೊಂದಿಗೆ ಎದ್ದ ವಾಗ್ವಾದದಲ್ಲಿ ಚಾಕು ಇರಿತಕ್ಕೆ ಬಲಿಯಾದ. ಅದರಲ್ಲಿ ಆ ನಟರ ಪಾತ್ರವೇನೂ ಇರಲಿಲ್ಲ.

ನಿಮ್ಮ ಹೆಸರು ಹಿಡಿದು ಬೆದರಿಕೆ ಬಂದರೆ ಉತ್ತರಿಸಲು ಹೋಗಬೇಡಿ. ಖಾತೆಯ ಹೆಸರು, ಲಿಂಕ್, ಸಮಯ ಕಾಣುವಂತೆ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಬ್ಲಾಕ್ ಮಾಡಿ. ಪೋಸ್ಟ್ ಅಳಿಸಿಹೋದರೂ ಸೈಬರ್ ಠಾಣೆಯಲ್ಲಿ ತೋರಿಸಲು ಅದು ಕೈಯಲ್ಲಿರುತ್ತದೆ.