ಫೋಟೊದಲ್ಲಿ ಗುಂಗುರು ಕೂದಲು ನೇರ ಮಾಡಿಸ್ತೀರಾ? ಮೊದಲು ಬೈತಲೆ ನೋಡಿ

ಮದುವೆ ಸೀಸನ್ ಬಂತೆಂದರೆ ಪೇಟೆಯ ಫೋಟೊ ಸ್ಟುಡಿಯೊಗಳಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೆ: "ಅಣ್ಣ, ನಮ್ಮ ಹುಡುಗಿ ಕೂದಲು ಸ್ವಲ್ಪ ನೇರ ಮಾಡಿಕೊಡಿ." ಕೆಲವರದ್ದು ಇದಕ್ಕೆ ಉಲ್ಟಾ. ನೇರ ಕೂದಲಿಗೆ ಒಂದಿಷ್ಟು ಅಲೆ ಬರಿಸಿ ಅನ್ನುತ್ತಾರೆ. ಎರಡೂ ಕಂಪ್ಯೂಟರ್‌ನಲ್ಲಿ ಆಗುವ ಕೆಲಸವೇ. ಆದರೆ ಎಷ್ಟೋ ಸಲ ಪ್ರಿಂಟ್ ಕೈಗೆ ಬಂದ ಮೇಲೆ ಮನೆಯವರ ಮುಖ ಬಾಡುತ್ತೆ. ಎಲ್ಲಿ ತಪ್ಪಾಗಿದೆ ಅಂತ ಹೇಳೋಕೂ ಆಗುವುದಿಲ್ಲ.

ಇತ್ತೀಚೆಗೆ ಒಂದು ಸ್ಟುಡಿಯೊದಲ್ಲಿ ಹೀಗೇ ಆಯಿತು. ನಿಶ್ಚಿತಾರ್ಥದ ಫೋಟೊ. ಹುಡುಗಿ ಬೈತಲೆ ಬೊಟ್ಟು ಇಟ್ಟುಕೊಂಡು, ಗುಂಗುರು ಕೂದಲು ಹೆಗಲ ಮೇಲೆ ಬಿಟ್ಟಿದ್ದಳು. ಅವಳ ಬೈತಲೆ ನಟ್ಟನಡುವೆ ಇಲ್ಲ, ಫೋಟೊದಲ್ಲಿ ಅರ್ಧ ಬೆರಳಿನಷ್ಟು ಎಡಕ್ಕಿದೆ. ಕೆಲಸ ಮಾಡಿದ ಹುಡುಗ ಎಡಭಾಗದ ಕೂದಲನ್ನು ಚೆನ್ನಾಗಿ ನೇರ ಮಾಡಿದ. ಸಮಯ ಉಳಿಯಲಿ ಅಂತ ಅದನ್ನೇ ಕಾಪಿ ಮಾಡಿ, ಮಗುಚಿ ಬಲಕ್ಕೆ ಅಂಟಿಸಿದ. ಬೈತಲೆ ಸರಿಯಾಗಿ ಮಧ್ಯಕ್ಕೆ ಬಂತು, ಬೊಟ್ಟಿನ ಸರಪಳಿ ಮಾತ್ರ ಹಳೇ ಜಾಗದಲ್ಲೇ ಉಳಿಯಿತು. ಗೋಡೆಗೆ ಹಾಕುವ ದೊಡ್ಡ ಪ್ರಿಂಟ್ ನೋಡಿದ ತಾಯಿ, "ನಮ್ಮ ಮಗಳ ಥರಾನೇ ಕಾಣ್ತಾಳೆ, ಆದ್ರೆ ಇವಳಲ್ಲ" ಅಂದರು. ಪ್ರಿಂಟ್ ದಂಡವಾಯಿತು.

ತಾಯಿ ಹೇಳಿದ್ದರಲ್ಲಿ ತಪ್ಪಿಲ್ಲ. ಮನೆಯವರ ಕಣ್ಣಿಗೆ ಬೈತಲೆ ಮುಖದ ಒಂದು ಭಾಗ. ಕೂದಲಿಗೆ ಅದೇ ಹುಟ್ಟುವ ಜಾಗ. ಪ್ರತಿ ಎಳೆಯೂ ಅಲ್ಲಿಂದ ಹೊರಟು, ತಲೆಯ ಉಬ್ಬು ದಾಟಿ, ಕಿವಿಯ ಪಕ್ಕ ಇಳಿದು, ಹೆಗಲಿಗೆ ಬರುತ್ತೆ. ಈ ದಾರಿ ಒಂದು ಕಡೆ ತಪ್ಪಿದರೂ ಕೂದಲು ವಿಗ್ ಥರ ಕಾಣುತ್ತೆ. ಅದೇ ಫೋಟೊ ಎರಡನೇ ಸಲ ಹೇಗೆ ಸರಿಯಾಯಿತು ಅನ್ನುವುದನ್ನು ನೋಡೋಣ.

ಮೊದಲ ಕೆಲಸ: ಗೆರೆ ಹಾಕಿಕೊಳ್ಳುವುದು

ಫೋಟೊ 6x8 ಇಂಚು, ಇಂಚಿಗೆ 300 ಚುಕ್ಕೆ. ಅಂದರೆ 1800x2400 ಪಿಕ್ಸೆಲ್. ಇಷ್ಟಿದ್ದರೆ ಕೂದಲಿನ ಎಳೆ ಬೇರೆ ಬೇರೆಯಾಗಿ ಕಾಣುತ್ತೆ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೊ ಥರ ಕಳಿಸಿದರೆ ಎಳೆಗಳು ಕಲಸಿಹೋಗಿ ಮಸಿ ಬಳಿದಂತಾಗುತ್ತೆ. ಆಮೇಲೆ ಎಷ್ಟು ತಿದ್ದಿದರೂ ಬರುವುದಿಲ್ಲ. ಅದಕ್ಕೇ ಫೈಲ್ ಅನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ತನ್ನಿ.

ಫೋಟೊಶಾಪ್‌ನಲ್ಲಿ ತೆರೆದ ಕೂಡಲೇ Ctrl+J ಒತ್ತಿ ಒಂದು ಪ್ರತಿ ಮಾಡಿಕೊಳ್ಳಬೇಕು. ಮೂಲ ಚಿತ್ರ ಕೆಳಗೆ ಹಾಗೇ ಇರಬೇಕು. ಎಲ್ಲಕ್ಕಿಂತ ಮೇಲೆ ಒಂದು ಖಾಲಿ ಲೇಯರ್ ತೆಗೆದು, ಅದರಲ್ಲಿ ಕೆಂಪು ಬಣ್ಣದಿಂದ ಬೈತಲೆಯನ್ನು ಹಣೆಯಿಂದ ನೆತ್ತಿಯವರೆಗೆ ಗುರುತಿಸಬೇಕು. ಬೈತಲೆಯಿಂದ ಎರಡೂ ಬದಿಗೆ ಐದಾರು ಗೆರೆ ಎಳೆಯಬೇಕು, ಬಾಚಣಿಗೆ ಹೋದ ದಾರಿಯಂತೆ. ಹಣೆಯ ಹತ್ತಿರದ ಗೆರೆ ಹೆಚ್ಚು ಬಾಗುತ್ತೆ, ನೆತ್ತಿಯ ಹತ್ತಿರದ್ದು ನೆಟ್ಟಗೆ ಇಳಿಯುತ್ತೆ. ಹತ್ತು ನಿಮಿಷದ ಕೆಲಸ, ಆದರೆ ಮುಂದಿನದ್ದೆಲ್ಲ ಈ ಗೆರೆಗಳ ಮೇಲೇ ನಡೆಯುತ್ತೆ. ಕೆಲಸ ಮುಗಿದ ಮೇಲೆ ಆ ಲೇಯರ್ ಅಳಿಸಿದರಾಯಿತು.

ಎಳೆಯುವುದು, ಆದರೆ ಬೈತಲೆ ಮುಟ್ಟದೆ

ಕೂದಲನ್ನು ತಳ್ಳಿ ಎಳೆಯಲು Liquify ಅನ್ನುವ ಸಲಕರಣೆ ಇದೆ. ಅದನ್ನು ತೆರೆದ ತಕ್ಷಣ ಎಳೆಯಲು ಕೂರಬಾರದು. ಮೊದಲು Freeze Mask Tool ತೆಗೆದುಕೊಂಡು ಮುಖ, ಕಿವಿ, ಓಲೆ, ಬೈತಲೆ ಬೊಟ್ಟು, ಜೊತೆಗೆ ಬೈತಲೆಯ ಎರಡೂ ಪಕ್ಕ ಒಂದು ಬೆರಳಗಲ ಜಾಗಕ್ಕೆ ಬಣ್ಣ ಬಳಿಯಬೇಕು. ಬಳಿದ ಜಾಗ ಅಲ್ಲಾಡುವುದಿಲ್ಲ. ಬೈತಲೆ ಸರಿಯುವ ಭಯ ಇಲ್ಲಿಗೇ ಮುಗಿಯಿತು.

ಆಮೇಲೆ Forward Warp Tool. ಬ್ರಷ್ ಒಂದು ಸುರುಳಿಗಿಂತ ದೊಡ್ಡದಿರಬೇಕು, ಈ ಫೋಟೊಗೆ 250ರಿಂದ 300 ಪಿಕ್ಸೆಲ್. ಒತ್ತಡ ಅಂದರೆ Pressure 20ರಿಂದ 30. ಸಣ್ಣ ಬ್ರಷ್ ಹಿಡಿದರೆ ಕೂದಲಿನ ಅಂಚಿನಲ್ಲಿ ಗುಳಿ ಬೀಳುತ್ತೆ. ಹೊರಗೆ ಉಬ್ಬಿದ ಕೂದಲನ್ನು ನಿಧಾನವಾಗಿ ಗೆರೆಯ ಕಡೆಗೆ ಒಳಗೆ ತಳ್ಳಬೇಕು, ನಂತರ ಕೆಳಗೆ ಎಳೆಯಬೇಕು.

ಇದು ಸಡಿಲ ಅಲೆಗೆ ಮಾತ್ರ ಸಾಕಾಗುತ್ತೆ. ಸ್ಪ್ರಿಂಗ್‌ನಂಥ ಬಿಗಿ ಸುರುಳಿಯನ್ನು ಎಳೆದರೆ ಅದು ನೇರವಾಗುವುದಿಲ್ಲ, ಕಲಸಿಹೋಗುತ್ತೆ. ಯಾಕೆಂದರೆ ಸುರುಳಿಯಲ್ಲಿ ಎಳೆಯ ಅರ್ಧ ಭಾಗ ಹಿಂದೆ ಅಡಗಿರುತ್ತೆ. ಕ್ಯಾಮೆರಾ ಕಾಣದ್ದನ್ನು ಎಳೆದು ತರೋಕೆ ಆಗಲ್ಲ.

ಬಿಗಿ ಸುರುಳಿಗೆ ತೇಪೆ

ಅಂಥ ಜಾಗಕ್ಕೆ ಅದೇ ಹುಡುಗಿಯ ಕೂದಲಿನಿಂದಲೇ ತೇಪೆ ತೆಗೆಯಬೇಕು. ಗುಂಗುರು ಕೂದಲನ್ನು ಬಾಚಿ ಕ್ಲಿಪ್ ಹಾಕಿದಾಗ ಬೈತಲೆಯಿಂದ ಕಿವಿಯವರೆಗಿನ ಭಾಗ ಹೆಚ್ಚುಕಮ್ಮಿ ನೇರವಾಗೇ ಕೂತಿರುತ್ತೆ. ಅಲ್ಲಿಂದ ಒಂದು ಉದ್ದನೆ ಪಟ್ಟಿಯನ್ನು ಅಂಚು ಮೃದುವಾಗಿಟ್ಟು ಆರಿಸಿ, ಬೇರೆ ಲೇಯರ್ ಮಾಡಿ, Warp ಮೂಲಕ ಕೆಂಪು ಗೆರೆಯಂತೆ ಬಾಗಿಸಿ ಕೂರಿಸಬೇಕು.

ಇಲ್ಲಿ ಎರಡು ಎಚ್ಚರ. ಒಂದೇ ಪಟ್ಟಿಯನ್ನು ಮೂರು ನಾಲ್ಕು ಕಡೆ ಅಂಟಿಸಿದರೆ ಅದೇ ಹೊಳಪು, ಅದೇ ಎಳೆ ಮತ್ತೆ ಮತ್ತೆ ಕಂಡು ಸಿಕ್ಕಿಬೀಳುತ್ತೆ. ಇನ್ನೊಂದು, ಎಡಗಡೆಯದನ್ನು ಮಗುಚಿ ಬಲಕ್ಕೆ ಹಾಕಲೇಬಾರದು. ಸ್ಟುಡಿಯೊದ ದೀಪ ಒಂದು ಬದಿಯಿಂದ ಬಿದ್ದಿದ್ದರೆ, ಮಗುಚಿದ ಕೂದಲಿನ ಮೇಲೆ ಬೆಳಕು ಇನ್ನೊಂದು ಬದಿಯಿಂದ ಬಂದಂತೆ ಕಾಣುತ್ತೆ. ಮೊದಲ ಪ್ರಿಂಟ್‌ನಲ್ಲಿ ಬೈತಲೆಯ ಜೊತೆ ಈ ತಪ್ಪೂ ಇತ್ತು.

ತೇಪೆ ಸೇರುವ ಕಡೆ ಎರಡು ಮೂರು ಪಿಕ್ಸೆಲ್ ಬ್ರಷ್‌ನಿಂದ ಬಿಡಿ ಎಳೆ ಬರೆಯಬೇಕು. ಬಣ್ಣವನ್ನು ಕೂದಲಿನಿಂದಲೇ ತೆಗೆದುಕೊಳ್ಳಬೇಕು: ಒಂದು ಕಪ್ಪು, ಒಂದು ಮಧ್ಯಮ, ಒಂದು ಹೊಳಪಿನ ಜಾಗದ್ದು. ಎಳೆ ಬೈತಲೆಯಿಂದ ಶುರುವಾಗಬೇಕು, ಇಲ್ಲವೇ ಇನ್ನೊಂದು ಕೂದಲಿನ ಅಡಿಯಿಂದ ಹೊರಬರಬೇಕು. ನಡುವೆ ಗಾಳಿಯಲ್ಲಿ ಹುಟ್ಟಿದ ಎಳೆ ಪೆನ್ಸಿಲ್ ಗೀಟಿನಂತೆ ಕಾಣುತ್ತೆ. ಹಣೆಯ ಅಂಚಿನ ಮರಿಕೂದಲನ್ನು ಮಾತ್ರ ಗುಂಗುರಾಗೇ ಬಿಡಬೇಕು. ಅದನ್ನೂ ಒರೆಸಿದರೆ ಹಣೆಗೆ ಟೋಪಿ ಇಟ್ಟಂತಾಗುತ್ತೆ.

ಕೂದಲು ಇಳಿದರೆ ಗೋಡೆ ಕಾಣುತ್ತೆ

ಗುಂಗುರು ಕೂದಲು ನೇರವಾದಾಗ ಎರಡು ಬದಲಾವಣೆ ಆಗುತ್ತೆ: ಅಗಲ ಕಡಿಮೆಯಾಗುತ್ತೆ, ಉದ್ದ ಹೆಚ್ಚಾಗುತ್ತೆ. ಈ ಹುಡುಗಿಯ ಕೂದಲು ಹೆಗಲವರೆಗೆ ಇತ್ತು. ನೇರ ಮಾಡಿ ಹೆಗಲಿಗೇ ನಿಲ್ಲಿಸಿದರೆ ಕತ್ತರಿಸಿದಂತೆ ಕಾಣುತ್ತಿತ್ತು. ಹಾಗಾಗಿ ತುದಿಯನ್ನು ಹೆಗಲಿನಿಂದ ನಾಲ್ಕು ಬೆರಳು ಕೆಳಗೆ, ರವಿಕೆಯ ಮೇಲೆ ಇಳಿಸಿದರು.

ಅಗಲ ಕಡಿಮೆಯಾದ ಕಡೆ ಹಿಂದಿನ ಪರದೆಯನ್ನು Clone Stamp Tool ನಿಂದ ತುಂಬಿಸಬೇಕು. ಹೆಚ್ಚಿನವರು ಮರೆಯುವುದು ನೆರಳನ್ನು. ಪರದೆಯ ಮೇಲೆ ಹಳೇ ಗುಂಗುರು ಕೂದಲಿನ ಉಬ್ಬಿದ ನೆರಳು ಹಾಗೇ ಉಳಿದಿರುತ್ತೆ. ಕೂದಲು ನೇರ, ನೆರಳು ಗುಂಗುರು! ಕತ್ತಿನ ಮೇಲೆ ಬಿದ್ದ ನೆರಳನ್ನೂ ನೋಡಬೇಕು.

ಕೊನೆಗೆ ಹೊಳಪು. ಸುರುಳಿ ಕೂದಲಿನಲ್ಲಿ ಬೆಳಕು ಚುಕ್ಕೆ ಚುಕ್ಕೆಯಾಗಿ ಚದುರಿರುತ್ತೆ. ನೇರ ಕೂದಲಿನಲ್ಲಿ ಅದು ತಲೆಯ ಉಬ್ಬಿನ ಮೇಲೆ ಒಂದೇ ಪಟ್ಟಿಯಾಗಿ ಕೂರುತ್ತೆ. ಚದುರಿದ ಚುಕ್ಕೆಗಳನ್ನು ಸ್ವಲ್ಪ ಕಪ್ಪಾಗಿಸಿ, ಆ ಪಟ್ಟಿಯನ್ನು ತೆಳುವಾಗಿ ಬೆಳಗಿಸಬೇಕು. ಬೈತಲೆ ಬಂದ ಕಡೆ ಪಟ್ಟಿ ತುಂಡಾಗಬೇಕು. ಬೈತಲೆ ದಾಟಿ ಒಂದೇ ಗೆರೆಯಾಗಿ ಹೋದರೆ ತಲೆಗೆ ರಿಬ್ಬನ್ ಕಟ್ಟಿದಂತಿರುತ್ತೆ.

ಅಲೆ ಬೇಕೆಂದರೆ

ನೇರ ಕೂದಲಿಗೆ ಅಲೆ ಬರಿಸುವಾಗಲೂ ಬೈತಲೆಯದ್ದೇ ಲೆಕ್ಕ. ಬೈತಲೆಯಿಂದ ಕಿವಿಯವರೆಗೆ ಕೂದಲನ್ನು ನೇರವಾಗೇ ಬಿಟ್ಟು, ಅಲ್ಲಿಂದ ಕೆಳಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಳ್ಳುತ್ತಾ ಹೋಗಬೇಕು. ಒಂದು ಗೊಂಚಲಿನ ಎಳೆಗಳೆಲ್ಲ ಒಟ್ಟಿಗೇ ಬಾಗಬೇಕು. ಎರಡೂ ಬದಿಯ ಅಲೆ ಒಂದೇ ಎತ್ತರದಲ್ಲಿ ಬಂದರೆ ಕನ್ನಡಿ ಇಟ್ಟಂತೆ ಕಾಣುತ್ತೆ, ಸ್ವಲ್ಪ ಹೆಚ್ಚುಕಮ್ಮಿ ಮಾಡಬೇಕು. ಅಲೆಯ ಉಬ್ಬಿಗೆ ಬೆಳಕು, ತಗ್ಗಿಗೆ ಕಪ್ಪು ಕೊಡದಿದ್ದರೆ ನೀರಿನಲ್ಲಿ ಕಂಡ ನೆರಳಿನಂತಾಗುತ್ತೆ. ತುದಿ ಒಂದೆರಡು ಬೆರಳು ಮೇಲೇರಬೇಕು, ಏಕೆಂದರೆ ಅಲೆ ಬಂದ ಕೂದಲು ಗಿಡ್ಡವಾಗುತ್ತೆ.

ಪ್ರಿಂಟ್‌ಗೆ ಮೊದಲು ಹೀಗೆ ನೋಡಿ

ಸ್ಟುಡಿಯೊದಲ್ಲಿ ಪರದೆಯ ಮೇಲೆ ತೋರಿಸಲು ಹೇಳಿ. ತಿದ್ದಿದ ಲೇಯರ್‌ನ ಕಣ್ಣಿನ ಗುರುತನ್ನು ಆರಿಸಿ, ಹಾಕಿ ಮಾಡಿಸಿ. ನೀವು ಬೈತಲೆಯನ್ನು ಮಾತ್ರ ನೋಡುತ್ತಿರಿ. ಅದು ಕೂದಲೆಳೆಯಷ್ಟೂ ಜಿಗಿಯಬಾರದು. ಬೊಟ್ಟು, ಕುಂಕುಮ ಅದರ ಮೇಲೇ ಇರಬೇಕು. ಮೊಬೈಲ್ ಸೆಲ್ಫಿ ಕೊಟ್ಟಿದ್ದರೆ ಇನ್ನೊಂದು ಪರೀಕ್ಷೆ ಬೇಕು. ಕೆಲವು ಫೋನ್‌ಗಳು ಸೆಲ್ಫಿಯನ್ನು ಕನ್ನಡಿಯಂತೆ ಮಗುಚಿ ಉಳಿಸುತ್ತವೆ, ಆಗ ತಿದ್ದುವ ಮೊದಲೇ ಬೈತಲೆ ಬದಿ ಬದಲಾಗಿರುತ್ತೆ. ಮೂಗುತಿ ಯಾವ ಕಡೆಗಿದೆ, ಸೆರಗು ಯಾವ ಹೆಗಲ ಮೇಲಿದೆ ಅಂತ ನೋಡಿದರೆ ತಕ್ಷಣ ಗೊತ್ತಾಗುತ್ತೆ.

ಪಾಸ್‌ಪೋರ್ಟ್‌ನಂಥ ಗುರುತಿನ ಫೋಟೊಗೆ ಈ ಕೆಲಸ ಮಾಡಿಸಬೇಡಿ. ಅಲ್ಲಿ ಇದ್ದ ಹಾಗೇ ಇರಬೇಕು. ಸಂಬಂಧ ನೋಡಲು ಕಳಿಸುವ ಫೋಟೊ ಆದರೆ ಮೊದಲು ಹುಡುಗಿಯನ್ನೇ ಕೇಳಿ. ಮನೆಗೆ ಬಂದವರ ಎದುರು ಗುಂಗುರು ಕೂದಲಲ್ಲಿ ಕೂರಬೇಕಾದವಳು ಅವಳು.

ನಿಶ್ಚಿತಾರ್ಥದ ಆ ಫೋಟೊಗೆ ಎರಡನೇ ಸಲ ಎರಡು ಗಂಟೆ ಹಿಡಿಯಿತು. ಬೈತಲೆ ಅರ್ಧ ಬೆರಳು ಎಡಕ್ಕೇ ಉಳಿಯಿತು, ಬೊಟ್ಟು ಅದರ ಮೇಲೆ ಕೂತಿತು. ತಾಯಿ ನೋಡಿ ಕೂದಲಿನ ವಿಷಯವನ್ನೇ ಎತ್ತಲಿಲ್ಲ. "ಸೀರೆ ಬಣ್ಣ ಚೆನ್ನಾಗಿ ಬಂದಿದೆ" ಅಂದು ದುಡ್ಡು ಕೊಟ್ಟು ಹೋದರು.